ಕುದಿಸಬೇಕೋ, ಸೋಸಬೇಕೋ, ಯಂತ್ರ ತರಬೇಕೋ?

ವಾಟರ್ ಪ್ಯೂರಿಫೈಯರ್ ಮಾರಲು ಮನೆಬಾಗಿಲಿಗೆ ಬರುವ ಹುಡುಗರ ಬ್ಯಾಗಿನಲ್ಲಿ ನಾಲ್ಕು ಲೋಹದ ಕಡ್ಡಿಗಳ ಒಂದು ಸಣ್ಣ ಉಪಕರಣ ಇರುತ್ತದೆ. ಎರಡು ಗಾಜಿನ ಲೋಟ ಕೇಳಿ ಪಡೆಯುತ್ತಾರೆ. ಒಂದಕ್ಕೆ ನಿಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ತಾವೇ ಬಾಟಲಿಯಲ್ಲಿ ತಂದ ಆರ್‌ಒ ನೀರು. ಕಡ್ಡಿಗಳನ್ನು ಇಳಿಸಿ ಪ್ಲಗ್ ಹಾಕಿದರೆ ಒಂದೆರಡು ನಿಮಿಷದಲ್ಲಿ ನಿಮ್ಮ ನೀರು ಹಸಿರುಗಟ್ಟಿ, ಆಮೇಲೆ ಕಂದಾಗಿ, ಮೇಲೆ ನೊರೆಯ ಹಾಗೆ ಗಸಿ ತೇಲುತ್ತದೆ. ಅವರ ನೀರು ಹೆಚ್ಚುಕಡಿಮೆ ಹಾಗೇ ಇರುತ್ತದೆ. "ಇದನ್ನೇ ಮೇಡಂ ನೀವು ಮಕ್ಕಳಿಗೆ ಕುಡಿಸ್ತಾ ಇರೋದು" ಎಂದು ಹುಡುಗ ಲೋಟವನ್ನು ಬೆಳಕಿಗೆ ಹಿಡಿಯುತ್ತಾನೆ.

ಆ ಗಸಿ ನಿಮ್ಮ ನೀರಿನದಲ್ಲ, ಕಡ್ಡಿಯದು. ಒಂದು ಜೊತೆ ಕಡ್ಡಿ ಕಬ್ಬಿಣದ್ದು. ನೀರಿನಲ್ಲಿ ಲವಣ ಕರಗಿದ್ದರೆ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ಆರ್‌ಒ ನೀರಿನಲ್ಲಿ ಲವಣವೇ ಇಲ್ಲದಷ್ಟು ಕಡಿಮೆ, ಹಾಗಾಗಿ ಕರೆಂಟು ಹರಿಯುವುದಿಲ್ಲ. ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಇನ್ನೊಮ್ಮೆ ಮಾಡಿ ಎಂದು ಹೇಳಿ ನೋಡಿ, ಅದೂ ಕಂದಾಗುತ್ತದೆ. ಈ ಪ್ರಯೋಗ ನಿಮ್ಮ ನೀರಿನಲ್ಲಿ ಭೇದಿ ತರಿಸುವ ಕ್ರಿಮಿ ಇದೆಯೇ ಎಂದು ಹೇಳುವುದಿಲ್ಲ, ಫ್ಲೋರೈಡ್ ಇದೆಯೇ ಎಂದೂ ಹೇಳುವುದಿಲ್ಲ. ಮನೆಯಲ್ಲಿ ಯಾವ ವಿಧಾನ ಬೇಕು ಎಂದು ತೀರ್ಮಾನಿಸಲು ಗೊತ್ತಿರಬೇಕಾದದ್ದು ಮುಖ್ಯವಾಗಿ ಈ ಎರಡೇ.

ನೀರಿನಲ್ಲಿ ನಮ್ಮನ್ನು ಕಾಡುವ ವಸ್ತುಗಳಲ್ಲಿ ಜೀವ ಇರುವವು ಕೆಲವು, ಕರಗಿರುವವು ಕೆಲವು. ಟೈಫಾಯಿಡ್, ಕಾಲರಾ, ಕಾಮಾಲೆ, ಆಮಶಂಕೆ ತರುವವು ಮೊದಲ ಗುಂಪಿನವು. ಇವು ಮಲದಿಂದ ಬಂದು ನೀರಿಗೆ ಸೇರುತ್ತವೆ, ಒಂದು ಲೋಟ ಕುಡಿದರೂ ಮಲಗಿಸಬಲ್ಲವು. ಫ್ಲೋರೈಡ್, ನೈಟ್ರೇಟ್, ಗಡಸುತನ, ಉಪ್ಪು ಎರಡನೆಯ ಗುಂಪಿನವು. ಇವು ಹೆಚ್ಚಾಗಿ ಕೊಳವೆಬಾವಿಯ ನೀರಿನ ಪಾಡು, ಕೆಡುಕು ಕಾಣಿಸುವುದು ಸಾಮಾನ್ಯವಾಗಿ ವರ್ಷಗಟ್ಟಲೆ ಕುಡಿದ ಮೇಲೆ. ಮೊದಲ ಗುಂಪಿಗೆ ಒಲೆ ಸಾಕು. ಎರಡನೆಯದಕ್ಕೆ ಒಲೆಯಿಂದ ಹೆಚ್ಚೇನೂ ಆಗದು.

ಮೊದಲು ಒಲೆಯ ವಿಷಯ. ಇಪ್ಪತ್ತು ನಿಮಿಷ ಕುದಿಸಬೇಕು ಎಂಬ ಮಾತು ಹಳೆಯ ಪಠ್ಯಪುಸ್ತಕಗಳಿಂದ ಹಿಡಿದು ಇಂದಿನ ವಾಟ್ಸ್‌ಆ್ಯಪ್ ಸಂದೇಶಗಳವರೆಗೆ ಬಂದಿದೆ. ಅಷ್ಟು ಬೇಕಿಲ್ಲ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ, ವೈರಸ್, ಅಮೀಬಾಗಳು ನೀರು ಕುದಿಯುವುದಕ್ಕೆ ಮೊದಲೇ, 70 ಡಿಗ್ರಿ ದಾಟುತ್ತಿದ್ದ ಹಾಗೆ ಸಾಯತೊಡಗುತ್ತವೆ. ಕೊತಕೊತ ಕುದಿ ಬಂದು, ಗುಳ್ಳೆಗಳು ತಳದಿಂದ ಮೇಲಕ್ಕೆ ಉರುಳಿ ಒಡೆಯುತ್ತಿರುವಾಗ ಒಂದು ನಿಮಿಷ ಬಿಟ್ಟು ಒಲೆ ಆರಿಸಿದರೆ ಕೆಲಸ ಮುಗಿಯಿತು. ತಳದಲ್ಲಿ ಸಣ್ಣ ಗುಳ್ಳೆ ಕಟ್ಟುವುದು, ಆವಿ ಏಳುವುದು ಕುದಿಯಲ್ಲ, ಅವಸರದಲ್ಲಿ ಅಲ್ಲಿಗೇ ಇಳಿಸುವವರೇ ಹೆಚ್ಚು. ಎತ್ತರದ ಊರುಗಳಲ್ಲಿ ನೀರು ಕಡಿಮೆ ಶಾಖಕ್ಕೆ ಕುದಿಯುತ್ತದೆ ನಿಜ. ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ, ಮಡಿಕೇರಿಯಲ್ಲಿ 96ರ ಆಸುಪಾಸು. ಕ್ರಿಮಿ ಸಾಯಲು ಅದು ಧಾರಾಳವಾಯಿತು. ಮೂರು ನಿಮಿಷ ಕುದಿಸಿ ಎನ್ನುವ ಸಲಹೆ 2000 ಮೀಟರ್‌ಗಿಂತ ಮೇಲಿರುವ ಊರುಗಳಿಗೆ, ಕರ್ನಾಟಕದಲ್ಲಿ ಅಷ್ಟು ಎತ್ತರದ ಬೆಟ್ಟವೂ ಇಲ್ಲ.

ಖರ್ಚಿನ ಲೆಕ್ಕವನ್ನೂ ಹಾಕಿಬಿಡೋಣ. ನಾಲ್ಕು ಜನರ ಮನೆಗೆ ಕುಡಿಯಲು ದಿನಕ್ಕೆ ಹತ್ತು ಲೀಟರ್ ಎಂದುಕೊಳ್ಳಿ. ಮುಚ್ಚಳ ಹಾಕಿ ಅಷ್ಟನ್ನು ಕುದಿಸಲು ಸುಮಾರು 110 ಗ್ರಾಂ ಗ್ಯಾಸ್ ಬೇಕು, ಎಂದರೆ ನಾಲ್ಕು ತಿಂಗಳಿಗೊಂದು ಸಿಲಿಂಡರ್ ನೀರಿಗೇ ಹೋಗುತ್ತದೆ. ಇಪ್ಪತ್ತು ನಿಮಿಷದ ಮಾತು ನಂಬಿದರೆ ಇನ್ನಷ್ಟು ಬೇಗ ಖಾಲಿ.

ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ನೀರಿನಲ್ಲಿ ಬಿಳಿ ಚೂರು ತೇಲುತ್ತದೆ. ಅದು ಸುಣ್ಣದ ಅಂಶ, ಹೊಟ್ಟೆಗೆ ಹೋದರೆ ಕೇಡಿಲ್ಲ. ಅದನ್ನು ಕಂಡು ಅನೇಕರು ಕುದಿಸಿದ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ. ನನ್ನ ಪ್ರಕಾರ ಕುದಿಸುವ ಶ್ರಮವೆಲ್ಲ ನೀರುಪಾಲಾಗುವುದು ಇಲ್ಲಿಯೇ. ಒಲೆಯ ಪಕ್ಕ ನೇತಾಡುವ ಬಟ್ಟೆ ಎಂಥದ್ದು ಎಂದು ಪ್ರತಿ ಅಡುಗೆಮನೆಗೂ ಗೊತ್ತು. ಸೋಸುವುದಿದ್ದರೆ ಕುದಿಸುವ ಮೊದಲು ಸೋಸಬೇಕು. ಬಟ್ಟೆಗೆ ತನ್ನದೇ ಒಂದು ಚರಿತ್ರೆ ಇದೆ ಎಂಬುದನ್ನೂ ಹೇಳಬೇಕು. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ನೀರಿನಿಂದ ನಾರುಹುಣ್ಣು ಬರುತ್ತಿದ್ದ ಕಾಲವೊಂದಿತ್ತು. ಆ ಹುಳದ ಮರಿಯನ್ನು ಹೊತ್ತ ಸಣ್ಣ ಜಲಜೀವಿ ಬಟ್ಟೆಯ ಎಳೆಯಲ್ಲಿ ಸಿಕ್ಕಿಬೀಳುವಷ್ಟು ದೊಡ್ಡದು. ನೀರು ಸೋಸಿ ಕುಡಿಯುವ ರೂಢಿ ರೋಗ ಅಳಿಯಲು ನೆರವಾಯಿತು, 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ಘೋಷಣೆಯಾಯಿತು. ಟೈಫಾಯಿಡ್ಡಿನ ಬ್ಯಾಕ್ಟೀರಿಯಾಕ್ಕೆ ಮಾತ್ರ ಅದೇ ಬಟ್ಟೆಯ ಕಣ್ಣು ಹೆಬ್ಬಾಗಿಲು.

ಬ್ಯಾಕ್ಟೀರಿಯಾವನ್ನು ತಡೆಯುವಷ್ಟು ಸಣ್ಣ ಕಣ್ಣಿನ ಜರಡಿ ಎಂದರೆ ಕ್ಯಾಂಡಲ್. ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ನಿಂತಿರುವ ಬಿಳಿ ಬತ್ತಿ ಸುಟ್ಟ ಜೇಡಿಯದು. ಅದರ ರಂಧ್ರಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಸಣ್ಣವು. ಫ್ರಾನ್ಸಿನ ಲೂಯಿ ಪಾಶ್ಚರನ ಪ್ರಯೋಗಶಾಲೆಯಲ್ಲಿದ್ದ ಶಾಂಬರ್ಲಾಂಡ್ 1884ರಲ್ಲಿ ಪಿಂಗಾಣಿಯ ಇಂಥ ಕೊಳವೆ ತಯಾರಿಸಿದ, ಅದರಲ್ಲಿ ಹಾದ ನೀರಿನಲ್ಲಿ ಬ್ಯಾಕ್ಟೀರಿಯಾ ಉಳಿಯುತ್ತಿರಲಿಲ್ಲ. 1892ರಲ್ಲಿ ರಷ್ಯದ ಇವನೋವ್‌ಸ್ಕಿ ರೋಗ ಹತ್ತಿದ ಹೊಗೆಸೊಪ್ಪಿನ ರಸವನ್ನು ಅದೇ ಫಿಲ್ಟರಿನಲ್ಲಿ ಸೋಸಿದ. ಸೋಸಿದ ರಸ ಹಚ್ಚಿದರೂ ಹೊಸ ಗಿಡಕ್ಕೆ ರೋಗ ಬಂತು. ಕ್ಯಾಂಡಲ್ ತಡೆಯಲಾರದ ಆ ಯಾವುದೋ ಒಂದನ್ನು ಮುಂದೆ ವೈರಸ್ ಎಂದು ಕರೆದರು. ವೈರಸ್ ಎಂಬುದು ಪತ್ತೆಯಾದದ್ದೇ ಕ್ಯಾಂಡಲ್ ಫಿಲ್ಟರಿನಿಂದ ನುಸುಳಿ ಹೋದದ್ದರಿಂದ.

ಇದು ಬರೀ ಪ್ರಯೋಗಶಾಲೆಯ ಕಥೆಯಲ್ಲ. 1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ ದೆಹಲಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆ ಆಯಿತು. ನಗರಕ್ಕೆ ನೀರೆತ್ತುವ ವಜೀರಾಬಾದಿನ ಬಳಿ ಯಮುನೆಗೆ ಚರಂಡಿ ನೀರು ಸೇರಿಕೊಂಡಿತ್ತು. ಜಲಮಂಡಳಿಯವರು ಕ್ಲೋರಿನ್ ಹೆಚ್ಚಿಸಿದ್ದರಿಂದ ಟೈಫಾಯಿಡ್ ಏರಲಿಲ್ಲ, ಆದರೆ ಕಾಮಾಲೆಯ ವೈರಸ್ ಪಾರಾಗಿ ಮನೆಮನೆ ತಲುಪಿತು. ಅಂಥ ವೈರಸ್ಸನ್ನು ನಂಬಿಕೆಯಿಂದ ಕೊಲ್ಲುವುದು ಕುದಿ. ಊರಲ್ಲಿ ಕಾಮಾಲೆ ಹರಡಿದ್ದರೆ, ಮನೆಯಲ್ಲಿ ಗರ್ಭಿಣಿ ಇದ್ದರೆ, ಕ್ಯಾಂಡಲ್ ನೀರನ್ನೂ ಕುದಿಸಿಯೇ ಕುಡಿಯಬೇಕು.

ಹಾಗೆಂದು ಕ್ಯಾಂಡಲ್ ಬೇಡವೆಂದಲ್ಲ. ಕರೆಂಟು ಬೇಡ, ಗ್ಯಾಸ್ ಬೇಡ, ಒಂದು ಹನಿ ನೀರೂ ಪೋಲಾಗುವುದಿಲ್ಲ. ಅದು ಕೈಕೊಡುವುದು ಹೆಚ್ಚಾಗಿ ಬತ್ತಿಯ ಬುಡದಲ್ಲಿ, ಅಲ್ಲಿ ಯಾರೂ ನೋಡುವುದಿಲ್ಲ. ಮೇಲಿನ ಪಾತ್ರೆಗೆ ನೀರು ತುಂಬಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಳವನ್ನು ಕೆಳಗಿನಿಂದ ನೋಡಿ. ನೀರು ನಳಿಗೆಯ ತುದಿಯ ತೂತಿನಿಂದ ಮಾತ್ರ ತೊಟ್ಟಿಕ್ಕಬೇಕು. ನಟ್ಟಿನ ಸುತ್ತ ಹನಿ ಕೂಡುತ್ತಿದ್ದರೆ ರಬ್ಬರ್ ವಾಷರ್ ಗಟ್ಟಿಯಾಗಿ ಹೋಗಿದೆ ಎಂದರ್ಥ, ನೀರು ಬತ್ತಿಯನ್ನು ಹಾಯದೆ ಪಕ್ಕದಿಂದಲೇ ಇಳಿಯುತ್ತಿದೆ. ಬತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಫಲ ಅದೇ. ಅದನ್ನು ಕಂಡುಹಿಡಿಯಲು ಬತ್ತಿಯನ್ನು ಬಿಚ್ಚಿ ಪೂರ್ತಿ ನೆನೆಸಿ, ನೀರಿನಲ್ಲಿ ಮುಳುಗಿಸಿ ಹಿಡಿದು, ನಳಿಗೆಗೆ ಶುಚಿಯಾದ ಸಣ್ಣ ಪೈಪ್ ಸಿಕ್ಕಿಸಿ ಮೆಲ್ಲಗೆ ಊದಬೇಕು. ನೆನೆದ ಒಳ್ಳೆಯ ಬತ್ತಿಯಿಂದ ಗಾಳಿ ಹೊರಬರುವುದಿಲ್ಲ. ಒಂದೇ ಜಾಗದಿಂದ ಗುಳ್ಳೆ ಸಾಲಾಗಿ ಎದ್ದರೆ ಅಲ್ಲಿ ಬಿರುಕಿದೆ, ಬತ್ತಿ ಎಸೆಯಬೇಕು. ಮೊನ್ನೆವರೆಗೆ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿದ್ದ ಫಿಲ್ಟರು ಇದ್ದಕ್ಕಿದ್ದಂತೆ ಒಂದು ಗಂಟೆಯಲ್ಲಿ ತುಂಬಿದರೆ ಸಂತೋಷಪಡುವ ವಿಷಯವಲ್ಲ.

ನೀರು ನಿಧಾನವಾದಾಗ ಬತ್ತಿಯನ್ನು ಮೆದುವಾದ ಬ್ರಷ್‌ನಿಂದ ಹರಿಯುವ ನೀರಿನಲ್ಲಿ ಉಜ್ಜಿದರೆ ಮೇಲಿನ ಕಂದು ಲೋಳೆ ಹೋಗಿ ಬಿಳಿ ಮೈ ಕಾಣುತ್ತದೆ. ಸೋಪು, ಪಾತ್ರೆ ತೊಳೆಯುವ ಪುಡಿ ಮುಟ್ಟಿಸಬಾರದು, ಅವು ಜೇಡಿಯ ರಂಧ್ರದಲ್ಲಿ ಕೂತುಬಿಡುತ್ತವೆ. ಉಜ್ಜುವಾಗ ನಳಿಗೆಯನ್ನು ಬೆರಳಿನಿಂದ ಮುಟ್ಟದಿರುವುದು ಮೇಲು, ಸೋಸಿದ ನೀರು ಹೊರಬರುವ ಬಾಯಿ ಅದು. ಪ್ರತಿ ಸಲ ಉಜ್ಜಿದಾಗಲೂ ಬತ್ತಿ ಸವೆಯುತ್ತದೆ, ತೆಳುವಾದ ಮೇಲೆ ಹೊಸದು ಹಾಕಲೇಬೇಕು. ಕೆಳಗಿನ ಪಾತ್ರೆಯ ನಲ್ಲಿಯ ಒಳಗೆ ಬೆರಳಿಗೆ ಜಾರುವಂಥ ಲೋಳೆ ಕಟ್ಟಿರುತ್ತದೆ, ಬಿಚ್ಚಿ ತೊಳೆದರೆ ಮಾತ್ರ ಅದು ಹೋಗುತ್ತದೆ.

ಇನ್ನು ಕರಗಿದ ವಸ್ತುಗಳು. ಪಾವಗಡ ತಾಲ್ಲೂಕಿನ ಒಂದು ಮನೆ ಎಂದುಕೊಳ್ಳೋಣ. ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ರಾಯಚೂರು ಕಡೆಯ ಬಹಳ ಹಳ್ಳಿಗಳ ಹಾಗೆ ಇಲ್ಲಿಯೂ ಆಳದ ಬಂಡೆಯಿಂದ ಫ್ಲೋರೈಡ್ ಕರಗಿ ಬೋರ್ ನೀರಿಗೆ ಸೇರುತ್ತದೆ. ಭಾರತೀಯ ಮಾನಕ ಹೇಳುವುದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು. ಈ ಮನೆಯ ನೀರಿನಲ್ಲಿ 2.4 ಇದೆ ಎಂದಿಟ್ಟುಕೊಳ್ಳಿ. ಇದನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ಮಟ್ಟ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ದೊಡ್ಡವರ ಬೆನ್ನು, ಮೊಣಕಾಲು ಬಿಗಿಯುತ್ತವೆ. ಕುದಿಸಿದರೆ ಒಂದಷ್ಟು ನೀರು ಆವಿಯಾಗಿ ಫ್ಲೋರೈಡ್ ಅಷ್ಟೇ ಉಳಿಯುವುದರಿಂದ ಸಾಂದ್ರತೆ ಒಂದು ಕೂದಲು ಹೆಚ್ಚುತ್ತದೆ. ಕ್ಯಾಂಡಲ್, ಯುವಿ ದೀಪ, ತಾಮ್ರದ ಕೊಡ ಯಾವುದಕ್ಕೂ ಇದು ಬಗ್ಗುವುದಿಲ್ಲ. ಇಲ್ಲಿ ಆರ್‌ಒ ಬೇಕು, ಇಲ್ಲವೇ ಹಿಡಿದಿಟ್ಟ ಮಳೆನೀರನ್ನು ಕುದಿಸಿ ಕುಡಿಯಬೇಕು. ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡರೂ ಸಿಗುವುದು ಆರ್‌ಒ ನೀರೇ.

ಮನೆಗೇ ಯಂತ್ರ ತಂದರು ಎನ್ನೋಣ. ಪೊರೆ ಚೆನ್ನಾಗಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಫ್ಲೋರೈಡ್ ತಡೆದು 0.24ಕ್ಕೆ ಇಳಿಸುತ್ತದೆ. ಆದರೆ ನೀರು ಚಪ್ಪೆ ಎನಿಸುತ್ತದೆ. ಸರ್ವಿಸ್‌ಗೆ ಬಂದವನಿಗೆ ಅಜ್ಜಿ ದೂರು ಹೇಳುತ್ತಾರೆ. ಅವನು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ಸ್ಕ್ರೂವನ್ನು ತಿರುಗಿಸುತ್ತಾನೆ, ರುಚಿ ಬರುತ್ತದೆ. ಆ ಸ್ಕ್ರೂ ಮಾಡುವುದೇನೆಂದರೆ ಪೊರೆಯನ್ನು ಹಾಯದ ಬೋರ್ ನೀರನ್ನು ಶುದ್ಧ ನೀರಿಗೆ ಬೆರೆಸುವುದು. ಕಾಲುಭಾಗ ಬೆರೆತರೆ ಫ್ಲೋರೈಡ್ 0.78 ಆಗುತ್ತದೆ, ಇನ್ನೂ ಪರವಾಗಿಲ್ಲ. ಅರ್ಧಕ್ಕರ್ಧ ಬೆರೆತರೆ 1.32. ಹದಿನೈದು ಸಾವಿರ ಕೊಟ್ಟು ತಂದ ಯಂತ್ರ ಗೋಡೆಯಲ್ಲಿ ಹಸಿರು ದೀಪ ಉರಿಸಿಕೊಂಡು ಮಿತಿ ಮೀರಿದ ನೀರು ಕೊಡುತ್ತಿರುತ್ತದೆ. ಫ್ಲೋರೈಡ್ ಸೀಮೆಯಲ್ಲಿ ಆ ಸ್ಕ್ರೂ ಮುಚ್ಚಿಸಿ ಇಡುವುದೇ ಸರಿ.

ಟಿಡಿಎಸ್ ಮೀಟರ್ ಅಂದರೆ ಆ ಪೆನ್ನಿನಂಥ ಸಾಧನ ಉಪಯೋಗಕ್ಕೆ ಬರುವುದು ಇಂಥಲ್ಲಿ. ಅದು ಕ್ರಿಮಿಯನ್ನು ನೋಡುವುದಿಲ್ಲ, ಫ್ಲೋರೈಡನ್ನು ಬೇರೆಯಾಗಿ ತೋರಿಸುವುದೂ ಇಲ್ಲ, ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ. ಆದರೆ ಯಂತ್ರ ಹೊಸದಾಗಿದ್ದಾಗ ಒಳಹೋಗುವ ನೀರು 900, ಹೊರಬರುವುದು 60 ಇತ್ತು ಎಂದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ಅದ್ದಿ ನೋಡಬಹುದು. ಹೊರಬರುವುದು 200ಕ್ಕೆ ಏರಿದರೆ ಪೊರೆ ಹರಿದಿದೆ ಅಥವಾ ಯಾರೋ ಸ್ಕ್ರೂ ತಿರುಗಿಸಿದ್ದಾರೆ.

ಇದೇ ಯಂತ್ರ ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯ ಗೋಡೆಯಲ್ಲೂ ತೂಗುತ್ತಿರುತ್ತದೆ. ಕಾವೇರಿ ನೀರಿನ ಲವಣಾಂಶ ಮಾನಕದ 500ಕ್ಕಿಂತ ಸಾಕಷ್ಟು ಕಡಿಮೆ. ಅಲ್ಲಿ ಆರ್‌ಒ ತೆಗೆಯುವಂಥದ್ದು ಏನೂ ಇಲ್ಲ, ಮನೆಯ ಯಂತ್ರಗಳು ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಚೆಲ್ಲುತ್ತವೆ. ದಿನಕ್ಕೆ ಹತ್ತು ಲೀಟರಿನ ಮನೆ ತಿಂಗಳಿಗೆ ಒಂಬೈನೂರು ಲೀಟರಿನವರೆಗೆ ನೀರನ್ನು ಸಿಂಕಿಗೆ ಬಿಡುತ್ತದೆ. ಲವಣಾಂಶ 500 ದಾಟದ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಇದಕ್ಕೇ. ಈ ಮನೆಯ ಅಪಾಯ ಬೇರೆ ಕಡೆಯಿದೆ. ಪೈಪಿನಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದೆ. ಒತ್ತಡ ಇಲ್ಲದ ಹೊತ್ತಿನಲ್ಲಿ ಒಡಕು ಜಾಗದಿಂದ ಪಕ್ಕದ ಚರಂಡಿಯ ನೀರು ಒಳಕ್ಕೆ ಸೆಳೆದುಕೊಳ್ಳುತ್ತದೆ. ನೀರು ಬಿಟ್ಟಾಗ ಮೊದಲ ಕೆಲವು ನಿಮಿಷದ್ದನ್ನು ಸಂಪಿಗೆ ಬಿಡದಿರುವುದು, ಸಂಪಿನ ಮುಚ್ಚಳ ಬಿಗಿಯಾಗಿಡುವುದು, ಆಮೇಲೆ ಕುದಿಸುವುದು ಅಥವಾ ಯುವಿ ದೀಪದ ಸಾದಾ ಯಂತ್ರ ಇಡುವುದು, ಇಷ್ಟು ಸಾಕು. ಬೇಸಿಗೆಯಲ್ಲಿ ಅದೇ ಸಂಪಿಗೆ ಟ್ಯಾಂಕರಿನ ಬೋರ್ ನೀರು ಬೀಳುವ ಮನೆಯಾದರೆ, ಆ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಏನೂ ಹೇಳಲಾಗದು. ಯುವಿ ದೀಪಕ್ಕೂ ಒಂದು ಷರತ್ತಿದೆ, ನೀರು ತಿಳಿಯಾಗಿರಬೇಕು. ಕದಡಿದ ನೀರಿನಲ್ಲಿ ಮಣ್ಣಿನ ಕಣದ ಮರೆಯಲ್ಲಿ ಕ್ರಿಮಿ ಉಳಿದುಬಿಡುತ್ತದೆ.

ಯಂತ್ರದ ನೀರಾಗಲಿ, ಒಲೆಯ ನೀರಾಗಲಿ, ಶುದ್ಧವಾದ ಕ್ಷಣದಿಂದ ಅದಕ್ಕೆ ಕಾವಲಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಸ್ವಲ್ಪ ಉಳಿದಿರುತ್ತದೆ, ಆಮೇಲೆ ಬೀಳುವ ಕ್ರಿಮಿಯನ್ನು ಅದು ಕೊಲ್ಲುತ್ತದೆ. ಕುದಿಸಿದಾಗ ಆ ಕ್ಲೋರಿನ್ ಹಾರಿಹೋಗುತ್ತದೆ, ಯಂತ್ರದೊಳಗಿನ ಇದ್ದಿಲು ಅದನ್ನು ಹೀರುತ್ತದೆ. ಹಾಗಾಗಿ ಶುದ್ಧ ನೀರಿಗೆ ಒಂದು ಕೊಳೆ ಬೆರಳು ತಾಗಿದರೆ ಅದನ್ನು ತಡೆಯುವವರೇ ಇಲ್ಲ. ಹಬ್ಬಕ್ಕೆ ಊರಿಗೆ ಹೋಗಿ ವಾರ ಬಿಟ್ಟು ಬಂದವರು ಯಂತ್ರದ ಟ್ಯಾಂಕಿನ ನೀರನ್ನು ಪೂರ್ತಿ ಚೆಲ್ಲಿ ಹೊಸದು ತುಂಬಿಸಿಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಬಾಯಿ ಅಗಲವಾದ ಕೊಡ, ಅದರ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಬೋರಲು ಹಾಕಿದ ಲೋಟ. ನಮ್ಮಲ್ಲಿ ಮುಕ್ಕಾಲು ಅಡುಗೆಮನೆಯ ಚಿತ್ರ ಇದು. ಶಾಲೆಯಿಂದ ಬಂದ ಹುಡುಗ ಅದೇ ಲೋಟ ಹಿಡಿದು ಅದ್ದುತ್ತಾನೆ, ನಾಲ್ಕು ಬೆರಳಿನ ಉಗುರು ನೀರಿಗೆ ಮುಳುಗುತ್ತದೆ. ಬೆಳಗ್ಗೆ ಕುದಿಸಿದ ಹತ್ತು ಲೀಟರ್ ಸಂಜೆಯ ಹೊತ್ತಿಗೆ ಕುದಿಸದ ನೀರಿಗೆ ಸಮ. ನಲ್ಲಿ ಇರುವ ಪಾತ್ರೆ ತಂದರೆ ಈ ತೊಂದರೆ ಬುಡದಲ್ಲೇ ಹೋಗುತ್ತದೆ. ಮಡಕೆ ಅಂಗಡಿಗಳಲ್ಲಿ ನಲ್ಲಿ ಕೂರಿಸಿದ ಮಣ್ಣಿನ ಮಡಕೆಯೂ ಸಿಗುತ್ತದೆ, ಕುತ್ತಿಗೆ ಸಣ್ಣಗಿರುವ ಹೂಜಿಯಾದರೆ ಬಗ್ಗಿಸಿಕೊಳ್ಳಬಹುದು. ಕೊಡವೇ ಬೇಕೆಂದರೆ ಉದ್ದ ಹಿಡಿಯ ಸೌಟೊಂದನ್ನು ಅದಕ್ಕಾಗಿಯೇ ಮೊಳೆಗೆ ನೇತುಹಾಕಬೇಕು, ತಟ್ಟೆಯ ಮೇಲೆ ಮಲಗಿಸಬಾರದು. ಆದಷ್ಟೂ ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಿಸಿ, ಬೇರೆ ಪಾತ್ರೆಗೆ ಸುರಿಯುವಾಗ ಕೈ ತಾಗದ ಹಾಗೆ ಸುರಿಯಿರಿ. ಹಳೆಯ ನೀರಿನ ಮೇಲೆ ಹೊಸ ನೀರು ಹೊಯ್ಯುವ ಅಭ್ಯಾಸವಂತೂ ಬೇಡ, ಒಳಗೋಡೆಯ ಲೋಳೆ ಪೂರ್ತಿ ತೊಳೆಯದೆ ಹೋಗುವುದಿಲ್ಲ.

ತಾಮ್ರದ ಕೊಡದ ಬಗ್ಗೆ ಎಲ್ಲರೂ ಕೇಳುತ್ತಾರೆ. 2012ರಲ್ಲಿ ಬೆಂಗಳೂರಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಕ್ರಿಮಿ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಬ್ಯಾಕ್ಟೀರಿಯಾ ಬೆಳೆಯಲಿಲ್ಲ, ನೀರಿಗೆ ಬಿಟ್ಟ ತಾಮ್ರವೂ ಮಿತಿಯೊಳಗಿತ್ತು. ಅಜ್ಜಿಯರು ರಾತ್ರಿ ತುಂಬಿಟ್ಟು ಮರುದಿನ ಕುಡಿಯುತ್ತಿದ್ದುದಕ್ಕೆ ಅರ್ಥವಿದೆ. ಶುದ್ಧ ನೀರನ್ನು ಹಾಗೇ ಉಳಿಸಿಕೊಳ್ಳಲು ಅದು ಒಳ್ಳೆಯ ಪಾತ್ರೆ. ಕೊಳೆ ನೀರು ತುಂಬಿ ಎರಡು ಗಂಟೆಯಲ್ಲಿ ಕುಡಿಯುವವರಿಗೆ ಅದರಿಂದ ಭರವಸೆಯಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನೀರು ನಿಜವಾಗಿ ಸರಿಯಿದೆಯೇ ಎಂದು ಮನೆಯಲ್ಲೇ ನೋಡಲು ಒಂದು ಅಗ್ಗದ ದಾರಿಯಿದೆ. 1982ರಲ್ಲಿ ಭಾರತದ ವಿಜ್ಞಾನಿಗಳೇ ಪ್ರಕಟಿಸಿದ ಎಚ್‌2ಎಸ್ ಬಾಟಲಿ ಪರೀಕ್ಷೆ ಅದು. ಬೆರಳುದ್ದದ ಬಾಟಲಿ, ಒಳಗೆ ಔಷಧಿ ಹೀರಿದ ಕಾಗದದ ಪಟ್ಟಿ. ಗುರುತಿನವರೆಗೆ ನೀರು ತುಂಬಿ ಮುಚ್ಚಿ, 30 ಡಿಗ್ರಿ ದಾಟುವ ಬೆಚ್ಚನೆ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದ ನೀರು ಕಪ್ಪಾಗುತ್ತದೆ. ತುಂಬಿದ ಕೂಡಲೇ ಕಪ್ಪಾದರೆ ಅದು ಕೆಲವು ಬೋರ್ ನೀರಿನ ಗಂಧಕದಿಂದ ಇರಬಹುದು, ಲೆಕ್ಕಕ್ಕಿಲ್ಲ. ಜಲಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ನೀರು ಪರೀಕ್ಷಿಸಲು ತರಬೇತಿ ಪಡೆದ ಮಹಿಳೆಯರ ಬಳಿ, ಪಂಚಾಯಿತಿಯಲ್ಲಿ ಈ ಬಾಟಲಿಗಳನ್ನು ಕೇಳಬಹುದು. ತರುವುದಾದರೆ ಮೂರು ತನ್ನಿ. ಒಂದಕ್ಕೆ ನಲ್ಲಿಯಿಂದ ನೇರವಾಗಿ, ಇನ್ನೊಂದಕ್ಕೆ ಕುದಿಸಿ ಆರಿದ ಅಥವಾ ಯಂತ್ರದಿಂದ ಆಗಷ್ಟೇ ಇಳಿದ ನೀರು, ಮೂರನೆಯದಕ್ಕೆ ಸಂಜೆ ಎಲ್ಲರೂ ಕುಡಿದು ಅರ್ಧಕ್ಕಿಳಿದ ಕೊಡದಿಂದ. ಎರಡನೆಯದು ಕಪ್ಪಾದರೆ ಬತ್ತಿ, ವಾಷರ್, ದೀಪ ನೋಡಬೇಕು. ಎರಡನೆಯದು ತಿಳಿಯಾಗಿದ್ದು ಮೂರನೆಯದು ಮಾತ್ರ ಕಪ್ಪಾದರೆ ಹೊಸ ಯಂತ್ರದ ಮಾತೇ ಬೇಡ, ಕೊಡವನ್ನು ಬದಲಿಸಿ. ಕಪ್ಪಾದ ಬಾಟಲಿಯೊಳಗೆ ಕ್ರಿಮಿಗಳು ಕೋಟಿಗಟ್ಟಲೆ ಬೆಳೆದಿರುತ್ತವೆ, ಬ್ಲೀಚಿಂಗ್ ಪುಡಿ ಕಲಸಿದ ನೀರು ಸುರಿದು ಅರ್ಧ ಗಂಟೆ ಬಿಟ್ಟು ಆಮೇಲೆ ಬಚ್ಚಲಿಗೆ ಚೆಲ್ಲಬೇಕು.